ಗೆರೆ ಇಲ್ಲದ ಹಾಳೆ: ಸಹಪಾಠಿಯ ಕಥೆಯ ಕರಡು ಓದುವ ಬಗೆ

ಗೆಳೆಯರು ಬರೆದ ಕಥೆಯ ಕರಡು ಓದಿದ ಮೇಲೆ ಹೆಚ್ಚಿನವರು ಹೇಳುವುದು ಎರಡೇ ಮಾತು. ಒಂದು, "ಚೆನ್ನಾಗಿದೆ". ಇನ್ನೊಂದು, "ಇನ್ನೂ ಸ್ವಲ್ಪ ಬಿಗಿ ಮಾಡಬಹುದಿತ್ತು". ಎರಡರಲ್ಲೂ ಸುಳ್ಳಿಲ್ಲ. ಆದರೆ ಬರೆದವರು ರೂಮಿಗೆ ಹೋಗಿ ಕರಡನ್ನು ಮುಂದಿಟ್ಟುಕೊಂಡು ಕೂತಾಗ ಈ ಮಾತುಗಳಿಂದ ಒಂದು ವಾಕ್ಯವನ್ನೂ ತಿದ್ದಲು ಆಗುವುದಿಲ್ಲ. ಯಾವುದು ಚೆನ್ನಾಗಿದೆ? ಯಾವ ಪುಟದಲ್ಲಿ ಸಡಿಲವಾಗಿದೆ? ಓದುವವರಿಗೆ ಅಲ್ಲಿ ಏನಾಯಿತು? ಅದು ಗೊತ್ತಾದರೆ ಮಾತ್ರ ಪೆನ್ನು ಮುಂದಕ್ಕೆ ಹೋಗುತ್ತದೆ.

ನಾನು ಧಾರವಾಡದಲ್ಲಿ ಎಂ.ಎ. ಓದುವಾಗ ಕಥೆ ಬರೆಯುವುದನ್ನೇ ಕಲಿಸುವ ಒಂದು ಪೇಪರ್ ಇತ್ತು. ಪ್ರತಿ ವಾರ ಒಬ್ಬರ ಕರಡು. ಶುಕ್ರವಾರ ಎಲ್ಲರಿಗೂ ಝೆರಾಕ್ಸ್ ಸಿಗುತ್ತಿತ್ತು, ಸೋಮವಾರ ಕ್ಲಾಸಿನಲ್ಲಿ ಚರ್ಚೆ. ಚರ್ಚೆಗೆ ಮೊದಲು ಪ್ರತಿಯೊಬ್ಬರೂ ಕಥೆ ಬರೆದವರಿಗೆ ಒಂದು ಪುಟದ ಪತ್ರ ಬರೆದು ತರಬೇಕು ಅಂತ ಮೇಡಂ ನಿಯಮ ಮಾಡಿದ್ದರು. ಆ ಪತ್ರ ಬರೆಯುವುದರಲ್ಲೇ ನಾನು ಓದುವುದನ್ನು ಕಲಿತದ್ದು. ಹಾಗೆ ಓದಿದ ಒಂದು ಕರಡಿನ ಬಗ್ಗೆ ಇಲ್ಲಿ ಹೇಳುತ್ತೇನೆ. ಬರೆದವಳು ನನ್ನ ಸಹಪಾಠಿ. ಅವಳ ಹೆಸರು ಬೇಡ. ಕಥೆಯ ಬಗ್ಗೆ ಬರೆಯಲು ಮಾತ್ರ ಅವಳು ಒಪ್ಪಿದ್ದಾಳೆ.

ಕಥೆ ಆರು ಪುಟದ್ದು. ಗಂಗವ್ವ ಅನ್ನುವವಳು ಕಾಲೇಜಿನ ಹತ್ತಿರ ಖಾನಾವಳಿ ನಡೆಸುತ್ತಾಳೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಹೊರ ಊರಿನಿಂದ ಬಂದು ರೂಮು ಮಾಡಿಕೊಂಡ ಹುಡುಗರು ಅಲ್ಲಿ ತಿಂಗಳ ಲೆಕ್ಕದಲ್ಲಿ ಊಟ ಮಾಡುತ್ತಾರೆ. ಗಂಗವ್ವನಿಗೆ ಓದು ಬರಹ ಬರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ಹುಡುಗನಿಗೆ ಒಂದೊಂದು ಹಾಳೆ. ಒಂದು ಊಟಕ್ಕೆ ಒಂದು ಗೆರೆ ಎಳೆಯುತ್ತಾಳೆ. ತಿಂಗಳ ಕೊನೆಗೆ ಐದನೇ ಕ್ಲಾಸಿನ ಮಗಳು ಸುಮಿ ಗೆರೆ ಎಣಿಸಿ ಲೆಕ್ಕ ಹೇಳುತ್ತಾಳೆ. ಬಸವರಾಜ ಅನ್ನುವ ಹುಡುಗ ಎರಡು ತಿಂಗಳಿಂದ ದುಡ್ಡು ಕೊಟ್ಟಿಲ್ಲ. ನಾಚಿಕೆಯಿಂದ ಊಟಕ್ಕೆ ಬರುವುದನ್ನು ಬಿಡುತ್ತಾನೆ. ಗಂಗವ್ವ ಬೀದಿಯಲ್ಲಿ ಅವನನ್ನು ಕಂಡು ಕೂಗುತ್ತಾಳೆ: "ರೊಕ್ಕ ಎಲ್ಲಿ ಹೊಕ್ಕೈತಿ ತಮ್ಮಾ, ಮೊದಲ ಉಣ್ಣು." ಅವನು ಮತ್ತೆ ಬರತೊಡಗುತ್ತಾನೆ. ಪರೀಕ್ಷೆ ಮುಗಿದ ಮೇಲೆ ಒಂದು ದಿನ ಹೇಳದೆ ಕೇಳದೆ ರೂಮು ಖಾಲಿ ಮಾಡಿ ಹೋಗುತ್ತಾನೆ. ಸುಮಿಗೆ ಸಿಟ್ಟು ಬರುತ್ತದೆ. ಆಗ ಗಂಗವ್ವ ಮಗಳನ್ನು ಕೂರಿಸಿಕೊಂಡು, ದುಡ್ಡಿಗಿಂತ ಹಸಿವು ದೊಡ್ಡದು ಅಂತ ಅರ್ಧ ಪುಟ ಬುದ್ಧಿ ಹೇಳುತ್ತಾಳೆ. ಕಥೆ ಮುಗಿಯುತ್ತದೆ.

ಮೊದಲ ಸಲ ಓದುವಾಗ ಕೈಯಲ್ಲಿ ಪೆನ್ಸಿಲ್ ಇಟ್ಟುಕೊಳ್ಳಬಾರದು. ಇದನ್ನು ನಾನು ಈಗಲೂ ಬಿಟ್ಟಿಲ್ಲ. ಪೆನ್ಸಿಲ್ ಇದ್ದರೆ ಕಣ್ಣು ತಪ್ಪು ಹುಡುಕಲು ಶುರು ಮಾಡುತ್ತದೆ. ಎರಡನೇ ಸಾಲಿನಲ್ಲೇ ಒಂದು ಒತ್ತಕ್ಷರ ತಪ್ಪಿರುವುದು ಕಾಣುತ್ತದೆ. ಅದನ್ನು ತಿದ್ದಿದ ಕೂಡಲೇ ನಾವು ಕಥೆ ಓದುವವರಾಗಿ ಉಳಿಯುವುದಿಲ್ಲ, ಪ್ರೂಫ್ ನೋಡುವವರಾಗುತ್ತೇವೆ. ಮೊದಲ ಓದು ಒಂದೇ ಸಲ ಸಿಗುವಂಥದ್ದು. ಮುಂದೇನಾಗುತ್ತದೆ ಅಂತ ಗೊತ್ತಿಲ್ಲದೆ ಓದಲು ಎರಡನೇ ಅವಕಾಶ ಇಲ್ಲ. ಬರೆದವರಿಗೆ ಬೇಕಾಗಿರುವುದೂ ಅದೇ. ಅವರಿಗೆ ತಮ್ಮ ಕಥೆ ಬಾಯಿಪಾಠ ಆಗಿರುತ್ತದೆ, ಹೊಸಬರಾಗಿ ಓದಲು ಅವರಿಂದ ಆಗುವುದೇ ಇಲ್ಲ.

ಆದ್ದರಿಂದ ಒಂದೇ ಸಲಕ್ಕೆ ಕೂತು ಕೊನೆತನಕ ಓದಿ, ಕರಡನ್ನು ಮಗುಚಿಟ್ಟು, ನೆನಪಿನಲ್ಲಿ ಉಳಿದದ್ದನ್ನು ನಾಲ್ಕೈದು ಸಾಲು ಬರೆಯುತ್ತೇನೆ. ನೋಡಿಕೊಂಡು ಬರೆಯುವುದಿಲ್ಲ. ಏನು ನೆನಪಿದೆ, ಏನು ನೆನಪಿಲ್ಲ ಅನ್ನುವುದರಲ್ಲೇ ಕಥೆಯ ಅರ್ಧ ವಿಷಯ ಗೊತ್ತಾಗಿಬಿಡುತ್ತದೆ. ಈ ಕಥೆ ಓದಿ ನಾನು ಬರೆದುಕೊಂಡದ್ದು ಹೀಗಿತ್ತು: ಗೆರೆ ಎಳೆಯುವ ಅವ್ವ. ಗೆರೆ ಎಣಿಸುವ ಮಗಳು. ಬೀದಿಯಲ್ಲಿ ಕೂಗಿದ ಮಾತು. ಖಾಲಿ ಹಾಳೆ. ಹುಡುಗನ ಮುಖ ಕಾಣಲಿಲ್ಲ. ಕೊನೆಯಲ್ಲಿ ಏನೋ ಉಪದೇಶ ಇತ್ತು, ಮಾತು ನೆನಪಿಲ್ಲ.

ಕಥೆಯ ಮೊದಲ ಪುಟ ಪೂರ್ತಿ ಮಳೆಯ ವರ್ಣನೆ. ಅದು ನನ್ನ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಕರಡನ್ನು ಮತ್ತೆ ತೆರೆದಾಗಲೇ ಮಳೆ ಇತ್ತು ಅನ್ನುವುದು ನೆನಪಾದದ್ದು.

ಎರಡನೇ ಓದಿಗೆ ಪೆನ್ಸಿಲ್ ಬೇಕು. ಆದರೆ ಅಂಚಿನಲ್ಲಿ ಮಾತು ಬರೆಯುವುದಿಲ್ಲ, ಗುರುತು ಮಾತ್ರ. ಇಷ್ಟವಾದ, ಜೀವ ಇದೆ ಅನ್ನಿಸಿದ ಸಾಲಿನ ಕೆಳಗೆ ನೇರ ಗೆರೆ. ಎರಡು ಸಲ ಓದಬೇಕಾದ ಕಡೆ ಅಂಕುಡೊಂಕು ಗೆರೆ. ಯಾರು, ಎಲ್ಲಿ, ಯಾವಾಗ ಅಂತ ಗೊಂದಲ ಆದ ಕಡೆ ಪ್ರಶ್ನೆ ಚಿಹ್ನೆ. ಮನಸ್ಸು ಬೇರೆ ಕಡೆ ಹೋದ ಜಾಗದಲ್ಲಿ ಒಂದು ಚುಕ್ಕೆ. ಚುಕ್ಕೆ ಇಡಲು ಸ್ವಲ್ಪ ಸಂಕೋಚ ಆಗುತ್ತದೆ, ಅದು "ಇಲ್ಲಿ ಬೋರಾಯಿತು" ಅಂದ ಹಾಗೆ ಅಲ್ವಾ? ಆದರೆ ಬರೆದವರಿಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ಗುರುತು ಇನ್ನೊಂದಿಲ್ಲ. ಕ್ಲಾಸಿನಲ್ಲಿ ಏಳೆಂಟು ಜನರ ಪ್ರತಿ ವಾಪಸ್ ಬಂದಾಗ ಚುಕ್ಕೆಗಳೆಲ್ಲ ಒಂದೇ ಪ್ಯಾರಾದಲ್ಲಿ ಬಿದ್ದಿದ್ದರೆ, ಯಾರೂ ಬಾಯಿ ಬಿಡದೇ ವಿಷಯ ಗೊತ್ತಾಗುತ್ತದೆ. ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ ಅದು ಆಯಾ ಓದುಗರ ವಿಷಯ, ಬರೆದವರು ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹೀಗೆ ಗುರುತು ಹಾಕುತ್ತಾ ನಾಲ್ಕನೇ ಪುಟಕ್ಕೆ ಬಂದಾಗ ಈ ಮೂರು ವಾಕ್ಯಗಳು ಸಿಕ್ಕವು:

"ತಿಂಗಳ ಕೊನೆಗೆ ಸುಮಿ ಗೆರೆ ಎಣಿಸಲು ಕೂತಳು. ಬಸವರಾಜನ ಹಾಳೆಯಲ್ಲಿ ಒಂದೂ ಗೆರೆ ಇರಲಿಲ್ಲ. ಅವನು ದಿನಾ ಉಂಡು ಹೋಗಿದ್ದ."

ಒಂದು ಉದ್ದನೆಯ ಪ್ಯಾರಾದ ನಡುವೆ ಇವು ಸುಮ್ನೆ ಕೂತಿದ್ದವು. ಮುಂದಿನ ವಾಕ್ಯವೇ ಶಾಲೆಯ ಗ್ಯಾದರಿಂಗ್ ಬಗ್ಗೆ. ಬರೆದವಳಿಗೆ ಈ ಜಾಗದ ಬೆಲೆ ಗೊತ್ತಿಲ್ಲ ಅನ್ನುವುದು ಅದರಿಂದಲೇ ಕಾಣುತ್ತಿತ್ತು. ಗಂಗವ್ವ ಯಾರಿಗೂ ಏನೂ ಹೇಳಲಿಲ್ಲ. ಅವಳಿಗೆ ಅಕ್ಷರ ಬರುವುದಿಲ್ಲ. ಆದರೆ ಗೆರೆ ಎಳೆಯದೇ ಇರುವುದು ಅವಳಿಗೆ ಗೊತ್ತು. ಆ ಹಾಳೆಯನ್ನು ಮಗಳು ನೋಡಿದಳು. ನನ್ನ ಪಾಲಿಗೆ ಇಡೀ ಕಥೆ ಆಗಿದ್ದು ಅಲ್ಲೇ.

ಸಹಪಾಠಿಯ ಕರಡಿಗೆ ಅಭಿಪ್ರಾಯ ಕೊಡುವವರು ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಕಥೆ ಎಲ್ಲಿ ಜೀವಂತವಾಗಿದೆ ಅಂತ ಬೆರಳಿಟ್ಟು ತೋರಿಸುವುದು. ಇದನ್ನು ಹೊಗಳಿಕೆ ಅನ್ನುವಂತಿಲ್ಲ, ಬರೆದವರಿಗೆ ಇದೊಂದು ಮಾಹಿತಿ. "ನಿನ್ನ ಭಾಷೆ ಸೊಗಸಾಗಿದೆ" ಅಂದರೆ ಅವಳಿಗೆ ಆ ಸಂಜೆ ಖುಷಿಯಾಗುತ್ತದೆ. "ನಾಲ್ಕನೇ ಪುಟದಲ್ಲಿ ಖಾಲಿ ಹಾಳೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಹಿಂದಿನ ಪುಟಕ್ಕೆ ಹೋದೆ, ಬೀದಿಯಲ್ಲಿ ಅವಳು ಕೂಗಿದ ಮಾತನ್ನು ಇನ್ನೊಮ್ಮೆ ಓದಿದೆ" ಅಂದರೆ ತನ್ನ ಕಥೆಯ ಯಾವ ಭಾಗ ಭಾರ ಹೊರುತ್ತಿದೆ ಅಂತ ಅವಳಿಗೆ ತಿಳಿಯುತ್ತದೆ. ಅದು ತಿಳಿದ ಮೇಲೆ ಉಳಿದದ್ದನ್ನು ಕಡಿಮೆ ಮಾಡುವ ಧೈರ್ಯ ತಾನಾಗಿ ಬರುತ್ತದೆ.

ನಾನು ಬರೆದ ಪತ್ರದ ಶುರು ಹೀಗಿತ್ತು:

"ನಾನು ಓದಿಕೊಂಡ ಹಾಗೆ ಇದು, ಒಬ್ಬ ಮಗಳು ತನ್ನ ಅವ್ವನ ಒಂದು ಗುಟ್ಟನ್ನು ಲೆಕ್ಕದ ಪುಸ್ತಕದಲ್ಲಿ ಕಂಡುಹಿಡಿಯುವ ಕಥೆ. ನೀನು ಬರೆಯಲು ಹೊರಟದ್ದು ಬೇರೆ ಆಗಿದ್ದರೆ ಹೇಳು, ಆಗ ಮುಂದಿನ ಮಾತುಗಳನ್ನು ಅದಕ್ಕೆ ತಕ್ಕ ಹಾಗೆ ತಗೊಳ್ಳಬೇಕು."

ಈ ಎರಡು ವಾಕ್ಯಗಳನ್ನು ನಾನು ಯಾವತ್ತೂ ಬಿಡುವುದಿಲ್ಲ. ನಾವು ಒಂದು ಕಥೆಯನ್ನು ಏನೆಂದು ಓದಿದೆವು ಅಂತ ಹೇಳದೇ ಸಲಹೆ ಕೊಟ್ಟರೆ, ಅದು ಯಾವ ಕಥೆಗೆ ಕೊಟ್ಟ ಸಲಹೆ ಅಂತಲೇ ಬರೆದವರಿಗೆ ಗೊತ್ತಾಗುವುದಿಲ್ಲ. ಅವಳು ತನ್ನ ಮಟ್ಟಿಗೆ ಬಡ ವಿದ್ಯಾರ್ಥಿಯೊಬ್ಬನ ಕಥೆ ಬರೆದಿದ್ದಳು. ನಾನು ಅವ್ವ ಮಗಳ ಕಥೆ ಓದಿದ್ದೆ. ಆ ಅಂತರವೇ ಅವಳಿಗೆ ಸಿಕ್ಕ ಮೊದಲ ಸುದ್ದಿ.

ಪತ್ರದಲ್ಲಿ ದೊಡ್ಡ ವಿಷಯ ಅಂತ ಎತ್ತುವುದು ಒಂದೋ ಎರಡೋ ಇರಬೇಕು. ಹತ್ತು ಹೇಳಲು ಸಿಗುತ್ತವೆ, ನಿಜ. ಆದರೆ ಕಥೆ ತಿದ್ದುವವರ ತಲೆಯಲ್ಲಿ ಒಟ್ಟಿಗೆ ಹತ್ತು ನಿಲ್ಲುವುದಿಲ್ಲ. ಇನ್ನೊಂದು ಕಾರಣವೂ ಇದೆ. ಸಣ್ಣ ತಪ್ಪುಗಳಲ್ಲಿ ಅರ್ಧ, ದೊಡ್ಡದನ್ನು ಸರಿ ಮಾಡಿದಾಗ ಆ ಪ್ಯಾರಾದ ಜೊತೆಗೇ ಹೊರಟುಹೋಗುತ್ತವೆ. ಈ ಕಥೆಯಲ್ಲಿ ನಾನು ಎತ್ತಿಕೊಂಡದ್ದು ಎರಡು.

ಮೊದಲನೆಯದು, ಕಥೆಯನ್ನು ಯಾರು ಹೇಳುತ್ತಿದ್ದಾರೆ ಅನ್ನುವುದು. ಐದು ಪುಟ ನಾವು ಸುಮಿಯ ಪಕ್ಕದಲ್ಲೇ ಇರುತ್ತೇವೆ. ಅವಳು ಕಂಡದ್ದನ್ನು ಕಾಣುತ್ತೇವೆ, ಕೇಳಿದ್ದನ್ನು ಕೇಳುತ್ತೇವೆ. ನಡುವೆ ಇದ್ದಕ್ಕಿದ್ದ ಹಾಗೆ ಒಂದು ವಾಕ್ಯ: "ಗಂಗವ್ವನ ಮನಸ್ಸಿನಲ್ಲಿ ಓದಲಾಗದೇ ಊರು ಬಿಟ್ಟುಹೋದ ತಮ್ಮನ ನೆನಪು ಸುಳಿಯಿತು." ಇದು ಸುಮಿಗೆ ಹೇಗೆ ಗೊತ್ತು? ಇಂಥ ಜಾಗಗಳು ಮೂರು ಇದ್ದವು. ಕಂಡುಹಿಡಿಯುವ ದಾರಿ ಸುಲಭ. ಪ್ರತಿ ವಾಕ್ಯಕ್ಕೂ "ಈ ಹುಡುಗಿ ನಿಂತ ಜಾಗದಿಂದ ಇದು ಕಾಣುತ್ತದಾ, ಕೇಳುತ್ತದಾ" ಅಂತ ಕೇಳಿಕೊಂಡು ಹೋದರೆ ಸಾಕು.

ಇದನ್ನು ಹೇಳುವ ಬಗೆಯಲ್ಲಿ ವ್ಯತ್ಯಾಸ ಇದೆ. "ನಿರೂಪಣೆಯಲ್ಲಿ ದೋಷವಿದೆ" ಅಂತ ಬರೆದರೆ ಅವಳು ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಆಗುತ್ತದೆ. ನಾನು ಪ್ರಶ್ನೆ ಬರೆದೆ: "ಇದನ್ನು ಹತ್ತು ವರ್ಷದ ಸುಮಿಯ ಪಕ್ಕ ನಿಂತು ಹೇಳುತ್ತಿದ್ದೀಯಾ, ಅಥವಾ ದೊಡ್ಡವಳಾದ ಮೇಲೆ ಅವಳು ಹಿಂದಿರುಗಿ ನೋಡುತ್ತಿದ್ದಾಳಾ? ಪುಟ 2, 3 ಮತ್ತು 5ರಲ್ಲಿ ನನಗೆ ಗೊಂದಲವಾಯಿತು." ಎರಡರಲ್ಲಿ ಯಾವುದಾದರೂ ಆಗಬಹುದು. ದೊಡ್ಡವಳಾದ ಸುಮಿ ಹೇಳುವುದಾದರೆ, ಮಾವನ ವಿಷಯ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು ಅಂತ ಒಂದು ಸಾಲು ಸೇರಿಸಬಹುದು, ಕಥೆಗೆ ಬೇರೆಯದೇ ಆಳ ಬರುತ್ತದೆ. ಹತ್ತು ವರ್ಷದ ಹುಡುಗಿಯ ಪಕ್ಕವೇ ಇರುವುದಾದರೆ ಅವ್ವನ ಮನಸ್ಸಿನ ಒಳಗೆ ಹೋಗುವ ಹಾಗಿಲ್ಲ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು, ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ಇಷ್ಟು ಮಾತ್ರ ಕಾಣುತ್ತದೆ. ಯಾವುದನ್ನು ಆರಿಸಬೇಕು ಅನ್ನುವುದು ಬರೆಯುವವಳ ಕೆಲಸ. ಎರಡು ದಾರಿ ಇದೆ, ಈಗ ಕಥೆ ಎರಡರಲ್ಲೂ ಒಂದೊಂದು ಕಾಲಿಟ್ಟಿದೆ ಅಂತ ಹೇಳುವುದಷ್ಟೇ ಓದುವವರ ಕೆಲಸ.

ಎರಡನೆಯದು ಆ ಕೊನೆಯ ಉಪದೇಶ. ಇದು ತುಂಬಾ ಕರಡುಗಳಲ್ಲಿ ಬರುತ್ತದೆ. ಇದಕ್ಕೆ ಕಾರಣವನ್ನು ಅರ್ಥ ಮಾಡಿಕೊಂಡರೆ ಹೇಳುವ ರೀತಿಯೇ ಬದಲಾಗುತ್ತದೆ. ಹೊಸದಾಗಿ ಬರೆಯುವವರು ಕೊನೆಯಲ್ಲಿ ನೀತಿ ಹೇಳುವುದು, ಓದುವವರಿಗೆ ವಿಷಯ ತಲುಪಿತೋ ಇಲ್ಲವೋ ಅನ್ನುವ ಅಳುಕಿನಿಂದ. ಆ ಅಳುಕು ಇರುವವರಿಗೆ "ಕೊನೆ ಉಪದೇಶದ ಹಾಗಿದೆ, ತೆಗಿ" ಅಂದರೆ ಅಳುಕು ಹಾಗೇ ಉಳಿಯುತ್ತದೆ. ಉಪದೇಶವನ್ನು ತೆಗೆದು, ಅದೇ ಮಾತನ್ನು ಮೂರನೇ ಪುಟದಲ್ಲಿ ಇನ್ಯಾರದೋ ಬಾಯಿಂದ ಹೇಳಿಸುತ್ತಾರೆ. ಅವರಿಗೆ ಬೇಕಾಗಿರುವುದು, ತಲುಪಿದೆ ಅನ್ನುವ ಖಾತ್ರಿ. ಅದಕ್ಕೇ ಹೀಗೆ ಬರೆದೆ:

"ಗಂಗವ್ವ ಎಂಥವಳು ಅಂತ ನನಗೆ ನಾಲ್ಕನೇ ಪುಟದ ಖಾಲಿ ಹಾಳೆಯಲ್ಲೇ ಪೂರ್ತಿ ಗೊತ್ತಾಯಿತು. ಕೊನೆಯ ಅರ್ಧ ಪುಟದಲ್ಲಿ ಅವಳು ಅದನ್ನೇ ಮಾತಿನಲ್ಲಿ ಹೇಳಿದಾಗ ನನಗೆ ಹೊಸದಾಗಿ ಏನೂ ಸಿಗಲಿಲ್ಲ. ಆ ಪ್ಯಾರಾ ಮೇಲೆ ಕೈ ಮುಚ್ಚಿಕೊಂಡು ಒಮ್ಮೆ ಓದಿ ನೋಡು. ನಿನಗೆ ಏನು ಕಳೆದುಹೋಯಿತು ಅನ್ನಿಸುತ್ತದೆ?"

ಕೈ ಮುಚ್ಚಿ ಓದುವುದು ಸಣ್ಣ ಪ್ರಯೋಗ. ಆದರೆ ಅದನ್ನು ಅವಳೇ ಮಾಡಿ ಅವಳೇ ನೋಡಬೇಕು. ನಾನು ಆ ಪ್ಯಾರಾವನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರೆ ಅವಳು ನನ್ನ ಮಾತನ್ನು ಒಪ್ಪಬೇಕೋ ಬೇಡವೋ ಅಂತ ಯೋಚಿಸುತ್ತಿದ್ದಳು. ಈಗ ತನ್ನ ಕಥೆಯನ್ನೇ ನೋಡುತ್ತಾಳೆ.

ಸೋಮವಾರದ ಚರ್ಚೆಯ ಬಗ್ಗೆಯೂ ಹೇಳಬೇಕು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಬರಹಗಾರರ ಕಮ್ಮಟದಿಂದ ಹೆಸರಾದ ಒಂದು ಪದ್ಧತಿ ಇದೆ. ಚರ್ಚೆ ನಡೆಯುವಾಗ ಕಥೆ ಬರೆದವರು ಬಾಯಿ ಬಿಡಬಾರದು. ಕಥೆ ಅಚ್ಚಾದ ಮೇಲೆ ಬರೆದವರು ಪಕ್ಕದಲ್ಲಿ ಕೂತು ವಿವರಣೆ ಕೊಡಲು ಆಗುವುದಿಲ್ಲವಲ್ಲ, ಆದ್ದರಿಂದ ಕಾಗದದ ಮೇಲೆ ಇರುವುದಷ್ಟೇ ಮಾತಾಡಲಿ ಅನ್ನುವುದು ಅದರ ಹಿಂದಿನ ಯೋಚನೆ. ಅದರಲ್ಲಿ ಸತ್ಯ ಇದೆ. ಬರೆದವರು "ಇಲ್ಲ ಇಲ್ಲ, ನಾನು ಹೇಳಿದ್ದು ಹಾಗಲ್ಲ" ಅಂತ ಶುರು ಮಾಡಿದರೆ ಓದಿದವರು ತಮಗೆ ಆದದ್ದನ್ನು ಹೇಳುವುದನ್ನೇ ಬಿಡುತ್ತಾರೆ. ಆದರೆ ಗಂಟೆಗಟ್ಟಲೆ ತನ್ನ ಕಥೆಯನ್ನು ಬೇರೆಯವರು ಬಿಚ್ಚುವುದನ್ನು ಸುಮ್ಮನೆ ನೋಡುತ್ತಾ ಕೂರುವುದು ಕಷ್ಟ. ಊರು, ಭಾಷೆ, ಊಟ ಗೊತ್ತಿಲ್ಲದವರು ತಪ್ಪು ದಾರಿಯಲ್ಲಿ ಹೊರಟಾಗಲೂ ಸುಮ್ಮನಿರಬೇಕಾದರೆ ಇನ್ನೂ ಕಷ್ಟ.

ಲಿಜ್ ಲರ್ಮನ್ ಅನ್ನುವ ಅಮೆರಿಕದ ನೃತ್ಯ ಸಂಯೋಜಕಿ 1990ರಲ್ಲಿ ಇದಕ್ಕೆ ಬೇರೆಯದೇ ಕ್ರಮ ಕಟ್ಟಿದರು. ಮೊದಲು ನೋಡಿದವರು ತಮಗೆ ಏನು ಮುಟ್ಟಿತು ಅಂತ ಹೇಳುತ್ತಾರೆ. ಆಮೇಲೆ ಕಲಾವಿದರು ತಮಗೆ ಬೇಕಾದ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ಪ್ರಶ್ನೆ ಕೇಳಬಹುದು, ಆದರೆ ಆ ಪ್ರಶ್ನೆಯಲ್ಲಿ ತೀರ್ಪು ಅಡಗಿರಬಾರದು. ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ ಅಭಿಪ್ರಾಯ. ನಮ್ಮ ಮೇಡಂ ಎರಡನ್ನೂ ಬೆರೆಸಿದ್ದರು. ಮೊದಲ ಇಪ್ಪತ್ತು ನಿಮಿಷ ಬರೆದವರು ಸುಮ್ಮನೆ ಕೇಳಬೇಕು. ಆಮೇಲೆ ಅವರೇ ಪ್ರಶ್ನೆ ಕೇಳಬೇಕು, ನಾವು ಅದಕ್ಕೆ ಉತ್ತರ ಕೊಡಬೇಕು. ನನಗೆ ಎರಡನೇ ಭಾಗವೇ ಹೆಚ್ಚು ಬೆಲೆಯುಳ್ಳದ್ದು ಅನ್ನಿಸುತ್ತಿತ್ತು. ಬರೆದವರಿಗೆ ತಮ್ಮ ಕಥೆಯಲ್ಲಿ ಯಾವ ಜಾಗ ಅಲುಗಾಡುತ್ತಿದೆ ಅಂತ ಒಳಗೊಳಗೇ ಗೊತ್ತಿರುತ್ತದೆ. ಅವರೇ ಕೇಳಿದಾಗ ಉತ್ತರ ಸೀದಾ ಹೋಗಿ ಅಲ್ಲಿಗೇ ಮುಟ್ಟುತ್ತದೆ.

ಆ ಸೋಮವಾರ ಒಬ್ಬ ಹುಡುಗ ತುಂಬಾ ಪ್ರೀತಿಯಿಂದಲೇ ಒಂದು ಸಲಹೆ ಕೊಟ್ಟ. "ಕೊನೆಗೆ ಬಸವರಾಜ ನೌಕರಿ ಹಿಡಿದು ವಾಪಸ್ ಬರಲಿ. ದುಡ್ಡು ಕೊಡಲಿ. ಗಂಗವ್ವ ಅದನ್ನು ಬೇಡ ಅನ್ನಲಿ." ಕ್ಲಾಸಿನಲ್ಲಿ ಕೆಲವರು ತಲೆಯಾಡಿಸಿದರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಮುಕ್ತಾಯ ಕಟ್ಟತೊಡಗಿದರು. ಹತ್ತು ನಿಮಿಷದಲ್ಲಿ ಅವಳ ಕಥೆ ಮರೆತೇ ಹೋಗಿ ಬೇರೆ ಆರು ಕಥೆಗಳು ಹುಟ್ಟಿದ್ದವು. ಬರೆದವಳು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು, ಮುಖ ಸಣ್ಣದಾಗುತ್ತಿತ್ತು.

ಮೇಡಂ ಆ ಹುಡುಗನಿಗೆ ಬೈಯಲಿಲ್ಲ. "ಅವನು ವಾಪಸ್ ಬರಬೇಕು ಅಂತ ನಿನಗೆ ಯಾಕೆ ಅನ್ನಿಸಿತು?" ಅಂತ ಕೇಳಿದರು. ಅವನು ಸ್ವಲ್ಪ ಯೋಚಿಸಿ ಹೇಳಿದ: "ಅವನು ಹೋದಾಗ ನನಗೆ ಏನೂ ಅನ್ನಿಸಲಿಲ್ಲ, ಮೇಡಂ. ಅವನು ಯಾರು ಅಂತಲೇ ಗೊತ್ತಿರಲಿಲ್ಲ." ನನ್ನ ಪಟ್ಟಿಯಲ್ಲಿದ್ದ "ಹುಡುಗನ ಮುಖ ಕಾಣಲಿಲ್ಲ" ಅನ್ನುವುದು ಇದೇ ಮಾತು. ಸಲಹೆಯ ಕೆಳಗೆ ಒಂದು ನಿಜವಾದ ಅನುಭವ ಇತ್ತು. ಆ ಅನುಭವ ಸರಿ, ಅದಕ್ಕೆ ಅವನು ಕಂಡುಕೊಂಡ ಪರಿಹಾರ ಮಾತ್ರ ಅವನದು. ಡಾಕ್ಟರ ಹತ್ತಿರ ಹೋದಾಗ ಎಲ್ಲಿ ನೋಯುತ್ತಿದೆ ಅಂತ ಹೇಳುವ ಹಾಗೆ ಹೇಳಿದರೆ ಸಾಕು, ಮಾತ್ರೆಯ ಹೆಸರನ್ನೂ ನಾವೇ ಹೇಳಬೇಕಾಗಿಲ್ಲ. ಅಂದಿನಿಂದ ಪತ್ರ ಬರೆಯುವಾಗ "ಹೀಗೆ ಮಾಡು" ಅಂತ ಕೈ ಹೊರಟರೆ ನಿಲ್ಲಿಸಿ, ಹಾಗೆ ಮಾಡಲಿ ಅಂತ ನನಗೆ ಯಾಕೆ ಅನ್ನಿಸಿತು ಅಂತ ಕೇಳಿಕೊಂಡು, ಆ ಉತ್ತರವನ್ನು ಬರೆಯುತ್ತೇನೆ.

ಭಾಷೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನಾನು ಮೈಸೂರು ಕಡೆಯಿಂದ ಹೋದವಳು. ಅವಳ ಪಾತ್ರಗಳು ಧಾರವಾಡದ ಮಾತು ಆಡುತ್ತಿದ್ದವು. "ಮೊದಲ ಉಣ್ಣು" ಅನ್ನುವುದನ್ನು "ಮೊದಲು ಉಣ್ಣು" ಅಂತ ತಿದ್ದಿದರೆ ಅದು ತಿದ್ದುಪಡಿ ಆಗುವುದಿಲ್ಲ, ಗಂಗವ್ವನ ಬಾಯಿ ಕಟ್ಟಿದ ಹಾಗೆ ಆಗುತ್ತದೆ. ಅದೇ ಗಂಗವ್ವ ಐದನೇ ಪುಟದಲ್ಲಿ "ಹೋಗಿದ್ದಾನೆ" ಅಂತ ಪುಸ್ತಕದ ಕನ್ನಡ ಮಾತಾಡಿದಾಗ ನಾನು ಪ್ರಶ್ನೆ ಚಿಹ್ನೆ ಇಟ್ಟೆ. ಎಲ್ಲರೂ ಎಲ್ಲಾ ಕಡೆ ಶಿಷ್ಟ ಕನ್ನಡ ಆಡಲಿ ಅಂತ ಅಲ್ಲ, ಒಬ್ಬಳು ಎರಡು ಥರ ಮಾತಾಡಿದ್ದು ಉದ್ದೇಶಪೂರ್ವಕವೋ ಅಂತ ಕೇಳಲು. ನನಗೆ ಅರ್ಥವಾಗದ ಪದ ಬಂದರೆ "ಇದನ್ನು ಬದಲಿಸು" ಅನ್ನುವುದಿಲ್ಲ. "ಈ ಪದ ನನಗೆ ಗೊತ್ತಿರಲಿಲ್ಲ, ಆದರೂ ಓದು ನಿಲ್ಲಲಿಲ್ಲ" ಅಥವಾ "ಗೊತ್ತಿರಲಿಲ್ಲ, ಇಲ್ಲಿ ಕಥೆಯ ಎಳೆ ತಪ್ಪಿತು" ಅಂತ ಬರೆಯುತ್ತೇನೆ. ಯಾರಿಗಾಗಿ ಬರೆಯುತ್ತಿದ್ದೇನೆ ಅನ್ನುವುದನ್ನು ಅವಳೇ ತೀರ್ಮಾನಿಸಲಿ.

ಇನ್ನೊಂದು ಸೂಕ್ಷ್ಮ. ಅವಳ ಅವ್ವ ನಿಜವಾಗಿಯೂ ಖಾನಾವಳಿ ನಡೆಸುತ್ತಿದ್ದರು ಅನ್ನುವುದು ಕ್ಲಾಸಿನಲ್ಲಿ ಹಲವರಿಗೆ ಗೊತ್ತಿತ್ತು. ಹಾಗಿದ್ದಾಗ "ನೀನು ಆಗ ಸಿಟ್ಟು ಮಾಡಿಕೊಂಡದ್ದು", "ನಿಮ್ಮವ್ವ ಹಾಗೆ ಹೇಳಬಾರದಿತ್ತು" ಅನ್ನುವ ಮಾತು ಬಾಯಿಗೆ ಬೇಗ ಬಂದುಬಿಡುತ್ತದೆ. ಅದನ್ನು ತಡೆಯಬೇಕು. "ಸುಮಿ ಸಿಟ್ಟು ಮಾಡಿಕೊಂಡಾಗ", "ಗಂಗವ್ವ ಹೇಳುವಾಗ" ಅಂತಲೇ ಮಾತಾಡಬೇಕು. ಇದು ಬರೀ ಸಭ್ಯತೆಗೆ ಅಲ್ಲ. ಕಥೆಯೊಳಗಿನ ಅವ್ವನನ್ನು ಬದಲಾಯಿಸುವ ಸ್ವಾತಂತ್ರ್ಯ ಅವಳಿಗೆ ಸಿಗುವುದು, ಆ ಅವ್ವ ಬೇರೆ, ಮನೆಯಲ್ಲಿರುವ ಅವ್ವ ಬೇರೆ ಅಂತ ಓದುವವರೂ ಒಪ್ಪಿದಾಗ. "ಆದರೆ ನಿಜವಾಗಿ ಹಾಗೇ ಆಗಿತ್ತು" ಅನ್ನುವ ಉತ್ತರ ಬಂದಾಗಲೂ ಇದು ನೆರವಿಗೆ ಬರುತ್ತದೆ. ನಡೆದದ್ದನ್ನು ಯಾರೂ ಪ್ರಶ್ನಿಸುತ್ತಿಲ್ಲ, ಪುಟದ ಮೇಲೆ ಅದು ನಂಬುವ ಹಾಗೆ ಬಂದಿದೆಯಾ ಅನ್ನುವುದಷ್ಟೇ ಮಾತು.

ಕಾಗುಣಿತ, ಅಲ್ಪಪ್ರಾಣ ಮಹಾಪ್ರಾಣ, ಅಕಾರ ಹಕಾರಗಳನ್ನು ನಾನು ಮೊದಲ ಕರಡಿನಲ್ಲಿ ಮುಟ್ಟುವುದೇ ಇಲ್ಲ. ಮುಂದಿನ ವಾರ ಇರುತ್ತದೋ ಇಲ್ಲವೋ ಗೊತ್ತಿಲ್ಲದ ವಾಕ್ಯದ ಒತ್ತಕ್ಷರ ತಿದ್ದಿ ಏನು ಪ್ರಯೋಜನ? ಅಲ್ಲದೇ ಪುಟದ ತುಂಬಾ ಕೆಂಪು ಗುರುತು ಇದ್ದರೆ ನಾಲ್ಕನೇ ಪುಟದ ಮುಖ್ಯ ಮಾತು ಅದರಲ್ಲಿ ಮುಳುಗಿಹೋಗುತ್ತದೆ. ಕರಡು ಯಾವ ಹಂತದಲ್ಲಿದೆ ಅಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ನಾಳೆಯೇ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸಬೇಕು ಅಂತ ಇದ್ದರೆ ನಿರೂಪಣೆ ಬದಲಿಸು ಅನ್ನುವುದು ಕ್ರೂರ. ಆಗ ಕಾಗುಣಿತ ನೋಡಿಕೊಡುವುದೇ ದೊಡ್ಡ ಸಹಾಯ. ಕೊನೆಯ ದಿನಕ್ಕೆ ಇನ್ನೂ ಎರಡು ತಿಂಗಳಿದ್ದರೆ ಮಾತು ಬೇರೆ.

ಕಥೆ ನಮಗೆ ಇಷ್ಟವೇ ಆಗದಿದ್ದರೆ? ಪೌರಾಣಿಕ ಕಥೆ ನನಗೆ ಸೇರುವುದಿಲ್ಲ, ಅಂಥ ಕರಡು ಬಂದಾಗ ಅದನ್ನು ಪತ್ರದ ಮೊದಲ ಸಾಲಿನಲ್ಲೇ ಹೇಳುತ್ತಿದ್ದೆ. ನನ್ನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ಬರೆದವರಿಗೆ ಅದರಿಂದ ಗೊತ್ತಾಗುತ್ತದೆ. ಆಮೇಲೂ ಎಲ್ಲಿ ಎಳೆ ತಪ್ಪಿತು, ಎಲ್ಲಿ ಚುಕ್ಕೆ ಬಿತ್ತು ಅಂತ ಹೇಳಬಹುದು. ಇಷ್ಟವಿಲ್ಲದಿದ್ದರೂ ಗಮನವಿಟ್ಟು ಓದಲು ಅಡ್ಡಿಯೇನಿಲ್ಲ.

ಅವಳ ಎರಡನೇ ಕರಡು ಒಂದು ತಿಂಗಳ ಮೇಲೆ ಬಂತು. ಅದನ್ನು ತೆರೆಯುವಾಗ ನಾನು ಹೇಳಿದ್ದನ್ನೆಲ್ಲ ಮಾಡಿದ್ದಾಳಾ ಅಂತ ಹುಡುಕುವ ಆಸೆ ಆಗುತ್ತದೆ. ಹಾಗೆ ಓದಿದರೆ ಹೊಸ ಕಥೆ ಕಾಣುವುದಿಲ್ಲ, ನಮ್ಮ ಪತ್ರವೇ ಕಾಣುತ್ತದೆ. ನನ್ನ ಹಳೆಯ ಪತ್ರವನ್ನು ಬದಿಗಿಟ್ಟು, ಮತ್ತೆ ಪೆನ್ಸಿಲ್ ಇಲ್ಲದೆ ಓದಿದೆ. ಅವಳು ಹತ್ತು ವರ್ಷದ ಸುಮಿಯ ಪಕ್ಕವೇ ನಿಂತಿದ್ದಳು. ಮಾವನ ನೆನಪು ಪೂರ್ತಿ ಹೋಗಿತ್ತು. ಬಸವರಾಜನಿಗೆ ಒಂದು ಅಭ್ಯಾಸ ಬಂದಿತ್ತು. ಊಟಕ್ಕೆ ಕೂರುವ ಮೊದಲು ತನ್ನ ಹೆಸರಿನ ಹಾಳೆಯನ್ನು ತಾನೇ ತೆಗೆದು ಅವ್ವನ ಮುಂದೆ ಇಡುತ್ತಿದ್ದ. ದುಡ್ಡು ಕೊಡಲಾಗದ ತಿಂಗಳು ನೋಟ್‌ಬುಕ್ ಮುಟ್ಟುವುದನ್ನು ಬಿಟ್ಟ. ಅಷ್ಟರಲ್ಲೇ ಅವನ ಮುಖ ಕಾಣುತ್ತಿತ್ತು. ಇದನ್ನು ಕ್ಲಾಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಯಾರು ಅಂತ ಗೊತ್ತಾಗಲಿಲ್ಲ ಅನ್ನುವ ಮಾತು ಕೇಳಿ ಅವಳೇ ಕಂಡುಕೊಂಡದ್ದು.

ಉಪದೇಶ ಹೋಗಿತ್ತು. ಖಾಲಿ ಹಾಳೆ ಕೊನೆಯ ಪುಟಕ್ಕೆ ಬಂದಿತ್ತು. ಅವನು ಊರು ಬಿಟ್ಟ ಮೇಲೆ ಸುಮಿ ಸಿಟ್ಟಿನಿಂದ ಲೆಕ್ಕ ಹಾಕಲು ಕೂರುತ್ತಾಳೆ, ಆಗ ಹಾಳೆ ತೆರೆಯುತ್ತಾಳೆ.

ಮಳೆಯ ಮೊದಲ ಪುಟದಲ್ಲಿ ಬಹುತೇಕ ಎಲ್ಲರ ಚುಕ್ಕೆಗಳಿದ್ದವು. ಅವಳು ಅದನ್ನು ಪೂರ್ತಿ ತೆಗೆಯಲಿಲ್ಲ. ಏಳೆಂಟು ಸಾಲು ಉಳಿಸಿಕೊಂಡು, ಸೋರುವ ಹಂಚಿನ ಕೆಳಗೆ ಹುಡುಗರು ತಟ್ಟೆ ಹಿಡಿದುಕೊಂಡು ಜರುಗಿ ಜರುಗಿ ಕೂರುವುದನ್ನು ಬರೆದಿದ್ದಳು. ಈಗ ಅಲ್ಲಿ ಚುಕ್ಕೆ ಇಡಲು ನನಗೆ ಜಾಗ ಸಿಗಲಿಲ್ಲ. ಆ ಕರಡಿಗೆ ನಾನು ಬರೆದ ಪತ್ರ ಅರ್ಧ ಪುಟದ್ದು. ಖಾಲಿ ಹಾಳೆಯನ್ನು ಕೊನೆಗೆ ತಂದದ್ದರಿಂದ ಬೀದಿಯಲ್ಲಿ ಕೂಗಿದ ಮಾತು ದೂರವಾಯಿತಾ ಅಂತ ಒಂದು ಪ್ರಶ್ನೆ, ಸುಮಿ ಗೆರೆ ಎಣಿಸುವ ಸಾಲುಗಳನ್ನು ಯಾಕೆ ಎರಡು ಸಲ ಓದಿದೆ ಅನ್ನುವ ಒಂದು ಪ್ಯಾರಾ. ಕೆಳಗೆ, ಈ ಸಲ ಮೊದಲ ಬಾರಿಗೆ, ಪುಟ ಮತ್ತು ಸಾಲಿನ ಸಂಖ್ಯೆ ಹಾಕಿ ಕಾಗುಣಿತದ ತಪ್ಪುಗಳ ಪಟ್ಟಿ.